ಬಣ್ಣ ಹೋಯಿತೋ, ಸುಣ್ಣ ಕೂತಿತೋ? ಕಲಬುರಗಿಯ ಬೋರ್ ನೀರು, ಬಿಸಿಲು ಮತ್ತು ಬಣ್ಣ ಹಚ್ಚಿದ ಕೂದಲು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ನನಗೆ ವಾರವಿಡೀ ಬರುವ ಪ್ರಶ್ನೆಗಳಿವು. ಹೆಚ್ಚಿನವು ಸುತ್ತಿ ಬಳಸಿ ನೀರಿಗೇ ಬಂದು ನಿಲ್ಲುತ್ತವೆ. ಆದ್ದರಿಂದ ನೀರಿನ ಬಗ್ಗೆ ಬರೆದದ್ದು ಉದ್ದವಾಗಿದೆ, ಉಳಿದದ್ದು ಚಿಕ್ಕದಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

ಬಣ್ಣ ಹಚ್ಚಿಸಿ ಮೂರು ವಾರ ಆಗಿಲ್ಲ, ಕೂದಲು ಮಬ್ಬಾಗ್ಯದ. ಮತ್ತ ಹಚ್ಚಿಸ್ಬೇಕೇನ್ರೀ?

ಸದ್ಯಕ್ಕೆ ಬೇಡ. ಮೊದಲು ಏನಾಗಿದೆ ಅಂತ ನೋಡೋಣ. ಮಬ್ಬಾದ ಕೂದಲೆಲ್ಲ ಬಣ್ಣ ಬಿಟ್ಟ ಕೂದಲಲ್ಲ. ಬಣ್ಣ ಒಳಗೆ ಹಾಗೇ ಇದ್ದು, ಮೇಲೆ ಗಡಸು ನೀರಿನ ಸುಣ್ಣ ತೆಳುವಾಗಿ ಕೂತಿದ್ದರೂ ಕೂದಲು ಇದೇ ಥರ ಬೂದಿ ಬಡಿದ ಹಾಗೆ ಕಾಣುತ್ತದೆ. ಎರಡಕ್ಕೂ ಮದ್ದು ಬೇರೆ. ಸುಣ್ಣ ಕೂತ ಕೂದಲಿಗೆ ಮತ್ತೆ ಬಣ್ಣ ಹಚ್ಚಿದರೆ ಬಣ್ಣ ಸಮನಾಗಿ ಹಿಡಿಯುವುದಿಲ್ಲ, ಬಣ್ಣಕ್ಕೆ ಬೆರೆಸುವ ಪೆರಾಕ್ಸೈಡ್ ಇನ್ನೊಮ್ಮೆ ತಾಗಿ ಕೂದಲು ಇನ್ನಷ್ಟು ಒರಟಾಗುತ್ತದೆ, ಒರಟಾದ ಕೂದಲು ಇನ್ನೂ ಹೆಚ್ಚು ಸುಣ್ಣ ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಬಣ್ಣ ಹಚ್ಚಿಸಿಕೊಂಡರೂ ನಿಲ್ಲುತ್ತಿಲ್ಲ ಎನ್ನುವವರಲ್ಲಿ ಬಹಳಷ್ಟು ಮಂದಿ ಈ ಸುತ್ತಿನಲ್ಲೇ ಸಿಕ್ಕಿಕೊಂಡಿರುತ್ತಾರೆ.

ಬಿಸಿಲಿಗೆ ಆಗ್ಯದೋ ನೀರಿಗೆ ಆಗ್ಯದೋ, ಹೆಂಗ ಗೊತ್ತಾಗ್ತದ?

ಹಿಂಗತ್ತಿನ ಕೂದಲು ನೋಡಿ. ನೆತ್ತಿಯ ಕೂದಲಿಗೆ ಬಿಸಿಲು ತಾಗುತ್ತದೆ. ಕತ್ತಿನ ಹತ್ತಿರ, ಒಳಪದರದಲ್ಲಿರುವ ಕೂದಲಿಗೆ ತಾಗುವುದಿಲ್ಲ. ನೀರು ಮಾತ್ರ ಎರಡಕ್ಕೂ ತಾಗುತ್ತದೆ. ಹಗಲು ಬೆಳಕಿನಲ್ಲಿ ಕಿಟಕಿಯ ಹತ್ತಿರ ಕೂತು, ಯಾರಿಗಾದರೂ ಹೇಳಿ ಎರಡೂ ಕಡೆಯ ಎಳೆಗಳನ್ನು ಪಕ್ಕಪಕ್ಕ ಹಿಡಿಸಿ ನೋಡಿರಿ.

ಹಿಂಗತ್ತಿನ ಕೂದಲೂ ಅಷ್ಟೇ ಮಬ್ಬಾಗಿದ್ದರೆ ಕಾರಣ ನೀರು. ಹಿಂಗತ್ತಿನದು ಚೆನ್ನಾಗಿದ್ದು ನೆತ್ತಿಯದು ಮಾತ್ರ ಕೆಂಚಾಗಿದ್ದರೆ ಕಾರಣ ಬಿಸಿಲು. ಕೈಗೂ ವ್ಯತ್ಯಾಸ ತಿಳಿಯುತ್ತದೆ. ಸುಣ್ಣ ಕೂತ ಕೂದಲು ಒದ್ದೆಯಿದ್ದಾಗಲೂ ಜಾರುವುದಿಲ್ಲ, ಬೆರಳಿಗೆ ತಡೆಯುತ್ತದೆ. ಶಾಂಪೂ ಎಷ್ಟು ಹಾಕಿದರೂ ಮೊದಲ ಸಲ ನೊರೆ ಏಳುವುದು ಕಷ್ಟ. ಬಿಸಿಲಿಗೆ ಬಣ್ಣ ಬಿಟ್ಟ ಕೂದಲಿನಲ್ಲಿ ಹೊಳಪು ಸ್ವಲ್ಪ ಉಳಿದಿರಬಹುದು, ಬಣ್ಣವೇ ಬೇರೆಯಾಗಿರುತ್ತದೆ.

ನಮ್ಮ ಕಡೆ ಎರಡೂ ಒಟ್ಟಿಗೆ ಆಗಿರುವುದೇ ಹೆಚ್ಚು. ಅಂಥದ್ದನ್ನು ಬಿಡಿಸಿ ನೋಡುವುದು ಹೇಗೆ ಎಂಬುದನ್ನು ಮುಂದೆ ಒಬ್ಬರ ಕೂದಲಿನ ಉದಾಹರಣೆಯಿಂದ ಹೇಳಿದ್ದೇನೆ.

ನಮ್ಮ ಬೋರ್ ನೀರಿನ್ಯಾಗ ಅಂಥಾದ್ದೇನದ?

ಕರಗಿದ ಕಲ್ಲು. ಶಹಾಬಾದ, ಚಿತ್ತಾಪುರ, ಸೇಡಂ ಕಡೆ ನೆಲದಡಿ ಇರುವುದೇ ಸುಣ್ಣಕಲ್ಲು. ನಾವು ನೆಲಕ್ಕೆ ಹಾಸುವ ಶಹಾಬಾದ ಕಲ್ಲು ಅದೇ, ವಾಡಿಯ ಸಿಮೆಂಟ್ ಕಾರ್ಖಾನೆಗೆ ಬೇಕಾದದ್ದೂ ಅದೇ. ಮಳೆ ನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ, ಕಲ್ಲನ್ನು ಕರಗಿಸಿಕೊಂಡು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತು ಬೋರಿಗೆ ಬರುತ್ತದೆ. ಕಲಬುರಗಿ ನಗರ ನಿಂತಿರುವುದು ಕಪ್ಪು ಕಲ್ಲಿನ ಮೇಲೆ, ಆದರೆ ಆ ಕಲ್ಲಿನ ಬಿರುಕುಗಳಿಂದ ಬರುವ ನೀರೂ ಗಡಸಾಗಿರಬಹುದು. ಬೀದರಿನಲ್ಲಿ ಮೇಲಿರುವುದು ಕಬ್ಬಿಣ ತುಂಬಿದ ಕೆಂಪು ಜಂಬಿಟ್ಟಿಗೆ ಕಲ್ಲು. ಹೀಗಾಗಿ ಊರಿನ ಹೆಸರು ನೋಡಿ ನೀರನ್ನು ಅಳೆಯಬೇಡಿ, ನಿಮ್ಮ ಬಕೆಟ್ ನೋಡಿ. ಒಳಗೆ ಬಿಳಿ ಪದರ ಕಟ್ಟಿದ್ದರೆ ಸುಣ್ಣ, ತುಕ್ಕಿನ ಬಣ್ಣದ ಕಲೆ ಇದ್ದರೆ ಕಬ್ಬಿಣ.

ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ತನಕದ ಗಡಸುತನ ಒಪ್ಪತಕ್ಕದ್ದು. ಬೇರೆ ನೀರು ಸಿಗದಿದ್ದರೆ 600 ತನಕ ನಡೆಯುತ್ತದೆ. ನಡುವಿನ 400 ಎಂದು ಹಿಡಿದರೂ 20 ಲೀಟರಿನ ಒಂದು ಬಕೆಟ್‌ನಲ್ಲಿ 8 ಗ್ರಾಂ ಸುಣ್ಣಕಲ್ಲಿಗೆ ಸಮನಾದದ್ದು ಕರಗಿರುತ್ತದೆ. ಎರಡು ಬಕೆಟ್‌ನಲ್ಲಿ ತಲೆಗೆ ಎರಕೊಂಡರೆ 16 ಗ್ರಾಂ ಕೂದಲ ಮೇಲಿಂದ ಹರಿದು ಹೋಯಿತು. ಅದೆಲ್ಲ ಅಂಟುವುದಿಲ್ಲ, ನಿಜ. ಆದರೆ ಪ್ರತಿ ಸಲವೂ ಒಂದಷ್ಟು ಉಳಿಯುತ್ತದೆ.

ಬಣ್ಣ ಹಚ್ಚಿದ ಕೂದಲಿಗೇ ಯಾಕೆ ಹೆಚ್ಚು ಅಂಟುತ್ತದೆ ಎನ್ನುವುದು ಮುಖ್ಯ. ಪರ್ಮನೆಂಟ್ ಬಣ್ಣದಲ್ಲಿ ಅಮೋನಿಯಾ ಅಥವಾ ಅಂಥದ್ದೇ ಒಂದು ಕ್ಷಾರ ಕೂದಲಿನ ಹೊರಗಿನ ಹುರುಪೆಗಳನ್ನು ಎತ್ತುತ್ತದೆ, ಪೆರಾಕ್ಸೈಡ್ ಒಳಗೆ ಹೋಗಿ ಬಣ್ಣ ಮೂಡಿಸುತ್ತದೆ. ಅದೇ ಪೆರಾಕ್ಸೈಡ್ ಕೂದಲಿನ ಪ್ರೋಟೀನಿನಲ್ಲಿರುವ ಗಂಧಕದ ಕೊಂಡಿಗಳನ್ನೂ ಸ್ವಲ್ಪ ಮುರಿಯುತ್ತದೆ. ಮುರಿದ ಜಾಗದಲ್ಲಿ ಋಣ ವಿದ್ಯುದಂಶ ಉಳಿಯುತ್ತದೆ, ಧನ ವಿದ್ಯುದಂಶವಿರುವ ಕ್ಯಾಲ್ಸಿಯಂ ಬಂದು ಅಲ್ಲೇ ಕೂರುತ್ತದೆ. ಒಂದೇ ಮನೆಯಲ್ಲಿ, ಒಂದೇ ನೀರಿನಲ್ಲಿ, ಬಣ್ಣ ಹಚ್ಚದ ಮಗಳ ಕೂದಲು ಹೊಳೆಯುತ್ತಾ ತಾಯಿಯದು ಮಬ್ಬಾಗಲು ಇದೇ ಒಂದು ದೊಡ್ಡ ಕಾರಣ.

ನೀರು ಗಡಸು ಅದನೋ ಇಲ್ಲೋ ಮನ್ಯಾಗೇ ನೋಡ್ಬಹುದೇನು?

ನೋಡಬಹುದು. ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಅರ್ಧ ಬಾಟಲಿ ಆರ್‌ಒ ನೀರು, ಇನ್ನೊಂದರಲ್ಲಿ ಅಷ್ಟೇ ಬೋರ್ ನೀರು ಹಾಕಿ. ಮೈಗೆ ಹಚ್ಚುವ ಸೋಪನ್ನು ತುರಿದು, ಒಂದೊಂದು ಚಿಟಿಕೆ ಎರಡಕ್ಕೂ ಹಾಕಿ, ಇಪ್ಪತ್ತು ಸಲ ಅಲ್ಲಾಡಿಸಿ. ಆರ್‌ಒ ನೀರಿನಲ್ಲಿ ನೊರೆ ನಿಲ್ಲುತ್ತದೆ. ಬೋರ್ ನೀರಿನಲ್ಲಿ ನೊರೆ ಏಳದೆ ನೀರು ಹಾಲಿನಂತಾಗಿ, ಮೇಲೆ ಮೊಸರೊಡೆದಂಥ ಕೆನೆ ತೇಲಿದರೆ ನೀರು ಗಡಸು. ಶಾಂಪೂ ಅಥವಾ ಪಾತ್ರೆ ತೊಳೆಯುವ ದ್ರವ ಹಾಕಿ ಈ ಪರೀಕ್ಷೆ ಮಾಡಬೇಡಿ. ಅವು ಗಡಸು ನೀರಿನಲ್ಲೂ ನೊರೆ ಕೊಡುತ್ತವೆ, ಏನೂ ತಿಳಿಯುವುದಿಲ್ಲ.

ಕೂತ ಸುಣ್ಣ ತೆಗೆಯೋದು ಹೆಂಗ?

ನಿಂಬೆ ಉಪ್ಪಿನಿಂದ, ಅಂದರೆ ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲದಿಂದ. ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ನೀರಿನೊಂದಿಗೆ ಹೊರಟುಹೋಗುತ್ತದೆ. ಒಂದು ಲೀಟರ್ ಆರ್‌ಒ ನೀರಿಗೆ ಕಾಲು ಟೀ ಚಮಚ, ಅಂದರೆ ಸುಮಾರು 1 ಗ್ರಾಂ ಸಾಕು. ಮೊದಲು ಶಾಂಪೂ ಹಾಕಿ ಎಣ್ಣೆ, ಜಿಡ್ಡು ತೆಗೆಯಿರಿ, ಇಲ್ಲದಿದ್ದರೆ ಆಮ್ಲ ಕೂದಲಿಗೆ ತಲುಪುವುದಿಲ್ಲ. ಆಮೇಲೆ ತಲೆ ಹಿಂದಕ್ಕೆ ಬಾಗಿಸಿ, ಕಣ್ಣಿಗೆ ಬೀಳದಂತೆ ಈ ನೀರನ್ನು ನಿಧಾನವಾಗಿ ಸುರಿದುಕೊಂಡು ಮೂರರಿಂದ ಐದು ನಿಮಿಷ ಬಿಡಿ. ಇನ್ನೆರಡು ತಂಬಿಗೆ ಆರ್‌ಒ ನೀರಿನಿಂದ ತೊಳೆದು ಕಂಡೀಷನರ್ ಹಚ್ಚಿ. ತಿಂಗಳಿಗೊಮ್ಮೆ ಮಾಡಿದರೆ ಸಾಕು, ವಾರ ವಾರ ಬೇಡ. ಬಣ್ಣ ಹಚ್ಚಿಸಿದ ಮೊದಲ ವಾರದಲ್ಲಂತೂ ಬೇಡವೇ ಬೇಡ. ನೆತ್ತಿಯಲ್ಲಿ ಗಾಯ, ಕೆರೆತ ಇದ್ದವರು ಮಾಡಬಾರದು.

ಇದೇ ಕೆಲಸಕ್ಕೆ ಕಿಲೇಟಿಂಗ್ ಶಾಂಪೂ ಅಂತ ಸಿಗುತ್ತದೆ. ಅದರಲ್ಲಿ ಇಡಿಟಿಎ ಥರದ, ಲೋಹ ಹಿಡಿಯುವ ಪದಾರ್ಥ ಹೆಚ್ಚು ಪ್ರಮಾಣದಲ್ಲಿರುತ್ತದೆ. ಸಾಮಾನ್ಯ ಶಾಂಪೂವಿನ ಚೀಟಿಯ ಕೊನೆಯಲ್ಲೂ ಇಡಿಟಿಎ ಎಂಬ ಹೆಸರು ಕಾಣುತ್ತದೆ. ಅದು ಶಾಂಪೂ ಕೆಡದಿರಲೆಂದು ಹಾಕಿದ ಚೂರು, ಸುಣ್ಣ ತೆಗೆಯುವಷ್ಟಲ್ಲ.

ಈಗ ಉದಾಹರಣೆ. ಸೇಡಂ ರಸ್ತೆ ಕಡೆಯ ಬಡಾವಣೆಯೊಂದರಲ್ಲಿರುವ ಶಿಕ್ಷಕಿಯೊಬ್ಬರು, ಮನೆಯಲ್ಲಿ ಬೋರ್ ನೀರು, ದಿನಾ ಸ್ಕೂಟಿಯಲ್ಲಿ ಶಾಲೆಗೆ ಓಡಾಟ. ಗಾಢ ಕಂದು ಬಣ್ಣ ಹಚ್ಚಿಸಿ ಮೂರು ವಾರವಾಗಿತ್ತು, ಪೂರ್ತಿ ತಲೆಗೆ ಮತ್ತೆ ಹಚ್ಚಿ ಎಂದು ಬಂದರು. ನೋಡಿದರೆ ನೆತ್ತಿಯ ಕೂದಲೂ ಮಬ್ಬು, ಹಿಂಗತ್ತಿನದೂ ಮಬ್ಬು. ಎರಡೂ ಕಡೆಯಿಂದ ಬೆರಳು ದಪ್ಪದ ಒಂದೊಂದು ಎಳೆಯನ್ನು ಮಾತ್ರ ಬೇರ್ಪಡಿಸಿ, ಶಾಂಪೂ ಹಾಕಿ ತೊಳೆದು, ನಿಂಬೆ ಉಪ್ಪಿನ ನೀರಿನಲ್ಲಿ ಐದು ನಿಮಿಷ ಅದ್ದಿಟ್ಟು, ಆರ್‌ಒ ನೀರಿನಲ್ಲಿ ಜಾಲಿಸಿ ಒಣಗಿಸಿದೆವು. ಹಿಂಗತ್ತಿನ ಎಳೆ ಮೃದುವಾಗಿ, ಹಚ್ಚಿದ ದಿನದ ಗಾಢ ಕಂದಿಗೆ ಹೆಚ್ಚುಕಡಿಮೆ ತಿರುಗಿತು. ನೆತ್ತಿಯ ಎಳೆಗೂ ಹೊಳಪು ಬಂತು, ಆದರೆ ಬಣ್ಣ ತಾಮ್ರದ ಕಡೆಗೇ ನಿಂತಿತು. ಅಂದರೆ ಸುಣ್ಣ ಎರಡೂ ಕಡೆ ಕೂತಿತ್ತು, ಬಣ್ಣ ಹೋಗಿದ್ದು ನೆತ್ತಿಯಲ್ಲಿ ಮಾತ್ರ. ಅವರಿಗೆ ಪೂರ್ತಿ ತಲೆಯ ಬಣ್ಣ ಬೇಕಿರಲಿಲ್ಲ. ಇಡೀ ತಲೆಯ ಸುಣ್ಣ ತೆಗೆದು, ಬೈತಲೆಯ ಎರಡೂ ಬದಿಯ ಮೇಲಿನ ಪದರಕ್ಕೆ ಅಮೋನಿಯಾ ಇಲ್ಲದ ಸೆಮಿ-ಪರ್ಮನೆಂಟ್ ಬಣ್ಣ ಕೊಟ್ಟೆವು, ಅಷ್ಟಕ್ಕೇ ಕೂದಲು ಒಂದೇ ಸಮ ಕಂಡಿತು.

ಈ ಎಳೆ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು. ಪಾರ್ಲರಿಗೆ ದುಡ್ಡು ಕೊಡುವ ಮೊದಲು ಮಾಡಿ ನೋಡಿ ಅಂತಲೇ ನಾನು ಎಲ್ಲರಿಗೂ ಹೇಳುವುದು.

ನೀರು ಕಾಸಿದ್ರ ಸುಣ್ಣ ಹೋಗಲ್ಲೇನು? ನಮ್ಮನ್ಯಾಗ ತಾಮ್ರದ ಹಂಡೇದಾಗ ಕಾಸ್ತೀವಿ.

ಸ್ನಾನಕ್ಕೆ ಬೇಕಾದಷ್ಟು ಬಿಸಿ ಮಾಡಿದರೆ ಹೋಗುವುದಿಲ್ಲ. ಹತ್ತು ನಿಮಿಷ ಕೊತಕೊತ ಕುದಿಸಿ, ತಣಿಸಿ, ತಳದಲ್ಲಿ ಕೂತ ಬಿಳಿ ಪುಡಿ ಕದಡದಂತೆ ಮೇಲಿನ ನೀರು ಬಗ್ಗಿಸಿಕೊಂಡರೆ ಒಂದು ಭಾಗ ಕಡಿಮೆಯಾಗುತ್ತದೆ. ಬೈಕಾರ್ಬೊನೇಟ್ ರೂಪದ ಗಡಸುತನ ಹೀಗೆ ಹೋಗುತ್ತದೆ. ಸಲ್ಫೇಟ್, ಕ್ಲೋರೈಡ್ ರೂಪದ್ದು ಎಷ್ಟು ಕುದಿಸಿದರೂ ಹೋಗುವುದಿಲ್ಲ. ಬಾಯಿಗೆ ಸವಳು ಅನ್ನಿಸುವ ನೀರಿದ್ದರೆ ಕುದಿಸಿ ಹೆಚ್ಚು ಲಾಭವಿಲ್ಲ.

ತಾಮ್ರದ ಹಂಡೆಯ ಬಗ್ಗೆ ಒಂದು ಎಚ್ಚರಿಕೆ. ಕೂದಲಿಗೆ ಸೇರಿದ ತಾಮ್ರ ಅತಿ ಕಡಿಮೆಯಿದ್ದರೂ ಬಿಸಿಲಿನಲ್ಲಿ ಮತ್ತು ಪೆರಾಕ್ಸೈಡ್ ತಾಗಿದಾಗ ಕೂದಲಿನ ಹಾನಿಯನ್ನು ಹೆಚ್ಚಿಸುತ್ತದೆ. ಹಂಡೆಯಲ್ಲಿ ರಾತ್ರಿಯಿಡೀ ನಿಂತ ನೀರನ್ನು ತಲೆಗೆ ಹಾಕಬೇಡಿ. ಮೈಗೆ ಹಾಕಿಕೊಳ್ಳಿ, ತೊಂದರೆಯಿಲ್ಲ.

ಶವರ್ ಫಿಲ್ಟರ್ ಹಾಕಿಸಿದ್ರ ಆಗ್ತದೇನು?

ಸುಣ್ಣಕ್ಕೆ ಆಗುವುದಿಲ್ಲ. ನಲ್ಲಿಗೆ ಸಿಕ್ಕಿಸುವ ಚಿಕ್ಕ ಫಿಲ್ಟರುಗಳು ಸಾಮಾನ್ಯವಾಗಿ ಕ್ಲೋರಿನ್ ಮತ್ತು ಕಸ ತಡೆಯುವಂಥವು, ಕರಗಿದ ಕ್ಯಾಲ್ಸಿಯಂ ಅವುಗಳೊಳಗಿಂದ ಹಾಗೇ ದಾಟಿ ಬರುತ್ತದೆ. ಗಡಸುತನ ತೆಗೆಯುವುದು ಉಪ್ಪು ಹಾಕಿ ತೊಳೆಯುವ ರೆಸಿನ್ ತುಂಬಿದ ವಾಟರ್ ಸಾಫ್ಟ್ನರ್. ಇಡೀ ಮನೆಗೆ ಹಾಕಿಸುವ ಖರ್ಚು ಬೇಡವೆಂದರೆ ಅಗ್ಗದ ದಾರಿ ಇದೆ: ಎರಕೊಳ್ಳುವುದೆಲ್ಲ ಬೋರ್ ನೀರಿನಲ್ಲೇ ಆಗಲಿ, ಕೊನೆಯ ಎರಡು ಮೂರು ತಂಬಿಗೆ ಮಾತ್ರ ಆರ್‌ಒ ನೀರು, ಇಲ್ಲವೇ ಹಿಡಿದಿಟ್ಟ ಮಳೆ ನೀರು ಇರಲಿ. ಕೂದಲಿನ ಮೇಲೆ ಒಣಗುವುದು ಕೊನೆಯ ನೀರು, ಸುಣ್ಣ ಬಿಟ್ಟುಹೋಗುವುದೂ ಅದೇ. ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕೊಡದಲ್ಲಿ ಅಷ್ಟು ತೆಗೆದಿಟ್ಟುಕೊಂಡರೆ ಸಾಕು.

ಆರ್‌ಒ ಯಂತ್ರದ ಹಿಂದಿನ ಪೈಪಿನಿಂದ ಬರುವ ವೇಸ್ಟ್ ನೀರನ್ನು ಬಕೆಟ್ ತುಂಬಿಟ್ಟು ಸ್ನಾನಕ್ಕೆ ಬಳಸುವ ಮನೆಗಳು ಬಹಳ. ನೀರು ಉಳಿಸುವ ಮನಸ್ಸು ದೊಡ್ಡದು, ಆದರೆ ಯಂತ್ರ ಬೇರ್ಪಡಿಸಿದ ಸುಣ್ಣವೆಲ್ಲ ಅದರಲ್ಲೇ ಇದೆ, ಬೋರ್ ನೀರಿಗಿಂತ ಅದು ಹೆಚ್ಚು ಗಡಸು. ಅದನ್ನು ನೆಲ ಒರೆಸಲು ಬಳಸಿ, ತಲೆಗೆ ಬೇಡ.

ಸೋಪು, ಸೀಗೆಕಾಯಿ, ಶಾಂಪೂ, ಯಾವುದು ಛಲೋ?

ಗಡಸು ನೀರಿನಲ್ಲಿ ತಲೆಗೆ ಸೋಪು ಖಂಡಿತ ಬೇಡ, ಸೀಗೆಕಾಯಿ ಸೋಪೂ ಸೋಪೇ. ಸೋಪಿನ ಕೊಬ್ಬಿನಾಮ್ಲ ಕ್ಯಾಲ್ಸಿಯಂ ಜೊತೆ ಸೇರಿ ನೀರಿನಲ್ಲಿ ಕರಗದ ಜಿಗುಟಾಗುತ್ತದೆ. ಬಾಟಲಿಯಲ್ಲಿ ತೇಲಿದ ಕೆನೆ ಅದೇ, ಕೂದಲ ಮೇಲೂ ಅದೇ ಕೂರುತ್ತದೆ. ಸೀಗೆಕಾಯಿ ಪುಡಿ, ಅಂಟವಾಳದಲ್ಲಿ ಈ ತೊಂದರೆಯಿಲ್ಲ, ಆದರೆ ಬರೀ ಪುಡಿ ತಿಕ್ಕಿದರೆ ಒರಟು. ನೆನೆಸಿ, ಕುದಿಸಿ, ಸೋಸಿದ ತಿಳಿ ಬಳಸಿ. ಶಾಂಪೂ ಆದರೆ ಸೌಮ್ಯವಾದದ್ದು ಯಾವುದಾದರೂ ಸರಿ.

ಬಣ್ಣ ತೊಳೆದು ಹೋಗುವುದರಲ್ಲಿ ಶಾಂಪೂವಿಗಿಂತ ನೀರಿನದೇ ಪಾಲು ದೊಡ್ಡದು. ಕೂದಲು ನೆನೆದು ಉಬ್ಬಿದಾಗ ಬಣ್ಣದ ಸಣ್ಣ ಕಣಗಳು ಹೊರಬರುತ್ತವೆ. ವಾರಕ್ಕೆ ನಾಲ್ಕು ಸಲ ಎರಕೊಳ್ಳುವವರು ಎರಡಕ್ಕೆ ಇಳಿಸಿ, ನೀರು ಉಗುರು ಬೆಚ್ಚಗಿರಲಿ. ಒಂದು ತಾಸು ಮೊದಲು ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿದರೆ ಅದು ಕೂದಲಿನೊಳಗೆ ಇಳಿದು ಉಬ್ಬುವುದನ್ನು ತಗ್ಗಿಸುತ್ತದೆ.

ಕರಿ ಬಣ್ಣ ಹಚ್ಚಿದ್ರೂ ಬ್ಯಾಸಗ್ಯಾಗ ಕೆಂಪಾಗ್ತದಲ್ರೀ, ಯಾಕ?

ಬಿಸಿಲಿನ ಅತಿನೇರಳೆ ಕಿರಣ ಮತ್ತು ಕಣ್ಣಿಗೆ ಕಾಣುವ ಬೆಳಕು ಎರಡೂ ಬಣ್ಣದ ಕಣಗಳನ್ನು ಒಡೆಯುತ್ತವೆ. ಬಣ್ಣ ತೆಳುವಾದಾಗ ಅಡಿಯಲ್ಲಿರುವುದು ಮೇಲೆ ಕಾಣುತ್ತದೆ. ನಮ್ಮ ಕಪ್ಪು ಕೂದಲಿನ ಸಹಜ ಕಪ್ಪನ್ನು ಪೆರಾಕ್ಸೈಡ್ ಆಗಲೇ ಸ್ವಲ್ಪ ತಿಳಿ ಮಾಡಿರುತ್ತದೆ, ತಿಳಿಯಾದ ಕಪ್ಪು ತಾಮ್ರದ ಬಣ್ಣ. ಬಿಸಿಲು ಅದನ್ನು ಇನ್ನೂ ತಿಳಿ ಮಾಡುತ್ತದೆ. ಪೂರ್ತಿ ನರೆತ ಕೂದಲಿನಲ್ಲಿ ಅಡಿಗೆ ಕಪ್ಪೇ ಇಲ್ಲ, ಅಲ್ಲಿ ಬಣ್ಣ ತೆಳುವಾದಂತೆ ಬಿಳಿಯೇ ಇಣುಕುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ನಮ್ಮೂರಲ್ಲಿ ಎಣ್ಣೆ, ಸೀರಂ ನಂಬಿ ಬರಿದಲೆಯಲ್ಲಿ ಹೋಗಬೇಡಿ. ಎಣ್ಣೆ ಬಿಸಿಲನ್ನು ತಡೆಯುವುದು ಬಹಳ ಕಡಿಮೆ. ತಡೆಯುವುದು ಬಟ್ಟೆ. ಒತ್ತಾಗಿ ನೇಯ್ದ, ಗಾಢ ಬಣ್ಣದ ಹತ್ತಿ ದುಪಟ್ಟಾ ಅಥವಾ ಟವೆಲ್ಲು ಸುತ್ತಿಕೊಳ್ಳಿ; ತೆಳುವಾದ ಶಿಫಾನ್ ಸೆರಗು ಹೊದ್ದರೆ ಬೆಳಕು ದಾಟುತ್ತದೆ. ಎರಕೊಂಡು ಮಾಳಿಗೆ ಮೇಲೆ ಕೂದಲು ಒಣಗಿಸುವ ರೂಢಿ ಬಿಡಿ. ಒದ್ದೆ ಕೂದಲಿನಲ್ಲಿ ಬಣ್ಣ ಇನ್ನೂ ಬೇಗ ಬಿಡುತ್ತದೆ, ನೆರಳಲ್ಲಿ ಒಣಗಿಸಿ.

ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗಬಾರದು. ಕೂದಲು ಇನ್ನಷ್ಟು ತಿಳಿಯಾಗುತ್ತದೆ, ಜೊತೆಗೆ ರಸ ತಾಗಿದ ಹಣೆ, ಕತ್ತಿನ ಚರ್ಮ ಬಿಸಿಲಿಗೆ ಸುಟ್ಟಂತಾಗಿ ಬೊಬ್ಬೆ ಏಳಬಹುದು.

ಈಜುಕೊಳದ ಕ್ಲೋರಿನ್, ನಳದ ಕ್ಲೋರಿನ್, ಎರಡೂ ಒಂದೇ ಏನು?

ಪದಾರ್ಥ ಒಂದೇ, ಪ್ರಮಾಣ ಬೇರೆ. ನಳದ ನೀರಿನಲ್ಲಿ ಉಳಿದಿರಬೇಕಾದ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಆಸುಪಾಸು. ಬಣ್ಣಕ್ಕೆ ಅದರಿಂದ ದೊಡ್ಡ ಹಾನಿಯಿಲ್ಲ. ಬಕೆಟ್ ತುಂಬಿ ರಾತ್ರಿ ತೆರೆದಿಟ್ಟರೆ ಅದರಲ್ಲೂ ಬಹುಪಾಲು ಹೋಗುತ್ತದೆ. ಈಜುಕೊಳದಲ್ಲಿ ಸಾಮಾನ್ಯವಾಗಿ 1ರಿಂದ 3 ಮಿಲಿಗ್ರಾಂ ಇರುತ್ತದೆ, ಅದರಲ್ಲಿ ಅರ್ಧ ಮುಕ್ಕಾಲು ತಾಸು ಮುಳುಗಿರುತ್ತೀರಿ. ಬಣ್ಣ ಬಿಡುವುದು ಅಲ್ಲಿ. ಕೊಳಕ್ಕೆ ಇಳಿಯುವ ಮೊದಲು ಕೂದಲನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ನೆನೆಸಿ, ಕಂಡೀಷನರ್ ಹಚ್ಚಿ ಟೋಪಿ ಹಾಕಿ. ಮೊದಲೇ ನೀರು ಕುಡಿದ ಕೂದಲು ಕೊಳದ ನೀರನ್ನು ಕಡಿಮೆ ಹೀರುತ್ತದೆ. ಹೊರಬಂದ ತಕ್ಷಣ ತೊಳೆಯಿರಿ. ಒಂದು ಲೀಟರ್ ನೀರಿಗೆ 500 ಮಿಲಿಗ್ರಾಂ ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಕರಗಿಸಿ ಸುರಿದುಕೊಂಡರೆ ಉಳಿದ ಕ್ಲೋರಿನ್ ಅಲ್ಲಿಗೇ ಸತ್ತುಹೋಗುತ್ತದೆ. ಕೂದಲಿಗೆ ಹಸಿರು ಛಾಯೆ ಬಂದರೆ ಅದು ಕ್ಲೋರಿನ್ ಅಲ್ಲ, ನೀರಿನಲ್ಲಿರುವ ತಾಮ್ರ. ತಿಳಿ ಬಣ್ಣ ಹಚ್ಚಿದವರಿಗೆ ಮಾತ್ರ ಕಾಣುತ್ತದೆ, ನಿಂಬೆ ಉಪ್ಪಿನ ನೀರು ಇದಕ್ಕೂ ಕೆಲಸ ಮಾಡುತ್ತದೆ.

ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ತಲೆಗೆ ಎರಕೊಳ್ಳುವುದನ್ನು ಮರುದಿನಕ್ಕೆ ಇಟ್ಟುಕೊಳ್ಳಿ.

ಮದರಂಗಿ ಹಚ್ಚೋರಿಗೂ ಇದೆಲ್ಲ ಅನ್ವಯ ಆಗ್ತದೇನು?

ಸುಣ್ಣದ ಮಾತು ಅನ್ವಯಿಸುತ್ತದೆ. ಮದರಂಗಿಯ ಕೆಂಪು ಕೂದಲಿನ ಪ್ರೋಟೀನಿಗೇ ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಸುಲಭವಾಗಿ ಹೋಗುವುದಿಲ್ಲ. ಅದರ ಮೇಲೆ ನೀಲಿ ಸೊಪ್ಪಿನ ಪುಡಿ ಹಚ್ಚಿ ಕಪ್ಪು ಮಾಡಿಕೊಂಡವರಿಗೆ ನೀಲಿ ಮೊದಲು ಹೋಗಿ ಕೆಂಪು ಉಳಿಯುತ್ತದೆ. ನೀಲಿ ಪುಡಿ ಕಲಸುವಾಗ ನಿಂಬೆರಸ ಹಾಕಬೇಡಿ, ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

"ಬ್ಲ್ಯಾಕ್ ಮೆಹಂದಿ" ಎಂದು ಮಾರುವ ಪೊಟ್ಟಣಗಳಲ್ಲಿ ಬಹಳಷ್ಟು ಮಾಮೂಲು ರಾಸಾಯನಿಕ ಬಣ್ಣವೇ ಇರುತ್ತದೆ. ಚೀಟಿಯಲ್ಲಿ ಪಿಪಿಡಿ ಅಥವಾ ಪ್ಯಾರಾಫಿನೈಲೀನ್‌ಡೈಅಮೀನ್ ಎಂದಿದ್ದರೆ ಅದನ್ನು ಬಣ್ಣವೆಂದೇ ಎಣಿಸಿ. ಕಿವಿಯ ಹಿಂದೆ ಚೂರು ಹಚ್ಚಿ 48 ತಾಸು ನೋಡಿ, ಕೆರೆತ, ಉರಿ ಏಳದಿದ್ದರೆ ಮಾತ್ರ ತಲೆಗೆ ಹಚ್ಚಿ.

ಹಂಗಾದ್ರ ಮತ್ತ ಬಣ್ಣ ಯಾವಾಗ ಹಚ್ಚಿಸ್ಬೇಕು?

ಸುಣ್ಣ ತೆಗೆದು ನೋಡಿದ ಮೇಲೂ ಬಣ್ಣ ಕೆಂಚಾಗಿಯೇ ಇದ್ದರೆ, ಇಲ್ಲವೇ ಬುಡದಲ್ಲಿ ಬಿಳಿ ಕಾಣಿಸಿದರೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹೊಸದಾಗಿ ಬಂದ ಆ ಬುಡಕ್ಕಷ್ಟೇ ಪರ್ಮನೆಂಟ್ ಬಣ್ಣ ಸಾಕು, ತುದಿಯ ತನಕ ಪ್ರತಿ ಸಲ ಎಳೆಯಬೇಡಿ. ಹಚ್ಚಿಸುವ ಹಿಂದಿನ ದಿನ ನಿಂಬೆ ಉಪ್ಪಿನ ನೀರಿನಿಂದ ಸುಣ್ಣ ತೆಗೆದು, ತೊಳೆದು, ಒಣಗಿಸಿಕೊಂಡು ಬನ್ನಿ. ಕೂದಲಿನಲ್ಲಿ ತಾಮ್ರ, ಕಬ್ಬಿಣ ಸೇರಿದ್ದರೆ ಅದೂ ಅಷ್ಟಿಷ್ಟು ಇಳಿದಿರುತ್ತದೆ, ಪೆರಾಕ್ಸೈಡಿನಿಂದ ಆಗುವ ಹಾನಿ ಕಡಿಮೆಯಾಗುತ್ತದೆ, ಬಣ್ಣವೂ ಎಲ್ಲ ಕಡೆ ಸಮನಾಗಿ ಹಿಡಿಯುತ್ತದೆ. ಬಣ್ಣ ತೊಳೆಯುವ ಕೊನೆಯ ನೀರಿಗಾಗಿ ಎರಡು ಲೀಟರ್ ಆರ್‌ಒ ನೀರು ಬಾಟಲಿಯಲ್ಲಿ ತಂದರೂ ಸರಿ. ಪಾರ್ಲರಿನ ನಳದಲ್ಲಿ ಬರುವುದೂ ಬೋರ್ ನೀರೇ ಏನು ಅಂತ ಮೊದಲೇ ಕೇಳಿಕೊಳ್ಳಿ.